ಇಬ್ಬರ ಲಾರಿ, ಮೂರನೆಯವರ ಟವೆಲು

ಫೆಬ್ರವರಿಯ ಮೊದಲ ಸೋಮವಾರದ ಪುಟದಲ್ಲಿ ನನ್ನ ಡೈರಿಯಲ್ಲಿ ಮೂರೇ ಸಾಲುಗಳಿವೆ. "ಲಾರಿ ಇನ್ನೂ ಶೆಡ್ಡಿನಲ್ಲೇ ಇದೆ. ಡ್ರೈವರ್ ಬೇರೆ ಕಡೆ ಕೆಲಸ ನೋಡಿಕೊಳ್ಳುತ್ತೇನೆ ಅಂದ. ಪರ್ಮಿಟ್ ಅರ್ಜಿ ಕೊಡಲು ಈ ತಿಂಗಳ ಕೊನೆಯೇ ಕೊನೆ."

ಆ ಲಾರಿ ಅರ್ಧ ನಮ್ಮದು, ಅರ್ಧ ಭದ್ರಾವತಿಯ ಒಬ್ಬ ಮೆಕ್ಯಾನಿಕ್ ಸಾಹೇಬರದು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅಪ್ಪನಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಗೋಣಿಚೀಲ, ಹಗ್ಗದ ಅಂಗಡಿಯಿತ್ತು. ಸಾಹೇಬರಿಗೆ ಓಲ್ಡ್ ಟೌನಿನಲ್ಲಿ ರಿಪೇರಿ ಶೆಡ್ಡು. ಅಪ್ಪ ದುಡ್ಡು ಹಾಕಿದರು, ಸಾಹೇಬರು ಕೈಕೆಲಸ ಹಾಕಿದರು. ಕಾಡಿನಿಂದ ಕಾಗದದ ಕಾರ್ಖಾನೆಗೆ ಬಿದಿರು ಹೊಡೆಯುವ ಕಂಟ್ರಾಕ್ಟರನ ಬಳಿ ಲಾರಿ ಓಡುತ್ತಿತ್ತು. ಬಾಡಿಗೆ ಸಾಹೇಬರ ಕೈಗೆ ಬರುತ್ತಿತ್ತು. ಡೀಸೆಲ್, ಟೈರು, ಬಿಡಿಭಾಗಗಳ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ನಮಗೆ. ಅಪ್ಪ ತೀರಿಕೊಂಡ ಮೇಲೆ ಹೊಸ ಪಾಲುಪತ್ರ ಬರೆಸಿ, ಪರ್ಮಿಟ್ಟಿಗೂ ನನ್ನ ಹೆಸರು ಸೇರಿಸಿದೆವು. ಅಂಗಡಿಯ ಬಾಡಿಗೆ, ಮನೆಯ ಅಕ್ಕಿಬೇಳೆ, ತಮ್ಮನ ಹೈಸ್ಕೂಲು ಎಲ್ಲವೂ ಆ ಅರ್ಧ ಲಾರಿಯ ಮೇಲೆ ನಿಂತಿದ್ದವು. ಚೀಲದ ವ್ಯಾಪಾರ ಸುಗ್ಗಿಯಲ್ಲಿ ಮಾತ್ರ.

ಜಗಳ ಹುಟ್ಟಿದ್ದು ಇಂಜಿನ್ನಿನಿಂದ. ದೀಪಾವಳಿಯ ಹೊತ್ತಿಗೆ ಇಂಜಿನ್ ಪೂರ್ತಿ ಇಳಿಸಿ ರಿಪೇರಿ ಮಾಡಬೇಕಾಯಿತು. ಬಿಡಿಭಾಗಗಳ ಅರ್ಧ ನಾನು ತಕರಾರಿಲ್ಲದೆ ಒಪ್ಪಿಕೊಂಡೆ. ಆದರೆ ಸಾಹೇಬರು ಕೂಲಿ ಎಂದು ಒಂಬೈನೂರು ರೂಪಾಯಿ ಬೇರೆ ಹಾಕಿದ್ದರು. ಪಾಲುಪತ್ರದಲ್ಲಿ "ರಿಪೇರಿ ಕೆಲಸ ಎರಡನೆಯ ಪಾಲುದಾರರ ಜವಾಬ್ದಾರಿ" ಎಂದಿದೆ, ಕೂಲಿ ಕೊಡುವ ಮಾತೇ ಇಲ್ಲ ಎಂದು ನಾನು ಬರೆದೆ. ಅವರು ಮರುತ್ತರ ಕೊಡಲಿಲ್ಲ. ನಮ್ಮ ಪಾಲಿನ ಬಾಡಿಗೆಯನ್ನು ಕಳಿಸುವುದು ನಿಲ್ಲಿಸಿದರು. ನಾನು ಮತ್ತೆ ಬರೆದೆ. ಸಂಕ್ರಾಂತಿಯ ಮಾರನೆಯ ದಿನ ಡ್ರೈವರ್ ಬಂದು, "ಸಾಬರು ಕೀ ಇಸ್ಕೊಂಡ್ರು. ಲೆಕ್ಕ ತೀರೋವರ್ಗೂ ಗಾಡಿ ಹೊರಗೆ ಹೋಗಲ್ವಂತೆ" ಎಂದ.

ಬಿದಿರಿನ ಕೆಲಸ ಮಳೆಗಾಲದವರೆಗೆ ಮಾತ್ರ. ಒಂದು ಮಳೆ ಬಿದ್ದರೆ ಕಾಡಿನ ದಾರಿ ಮುಚ್ಚುತ್ತದೆ. ಅದರ ಮೇಲೆ ಪರ್ಮಿಟ್ಟಿನ ಅವಧಿ ಮುಗಿಯುತ್ತಿತ್ತು. ನವೀಕರಣದ ಅರ್ಜಿಗೆ ಇಬ್ಬರ ಸಹಿಯೂ ಬೇಕು. ಪರ್ಮಿಟ್ ಹೋದರೆ ಶೆಡ್ಡಿನಲ್ಲಿರುವುದು ಲಾರಿಯಲ್ಲ, ಕಬ್ಬಿಣ.

ನನ್ನ ಸೋದರಮಾವ ಆಗ ದಿನಾ ಅಂಗಡಿಗೆ ಬರುತ್ತಿದ್ದರು.

"ನೋಟೀಸ್ ಕೊಡೋ, ಮಾರಾಯ. ನಿಮ್ಮಪ್ಪ ಇದ್ದಿದ್ರೆ ಆ ಸಾಬ ಹಿಂಗೆ ಆಡ್ತಿದ್ನಾ?"

"ಅಪ್ಪ ಇದ್ದಿದ್ರೆ ಜಗಳಾನೇ ಆಗ್ತಿರ್ಲಿಲ್ಲ" ಎಂದರು ಒಳಗಿಂದ ಅಮ್ಮ. ಅಂಗಡಿಯ ಹಿಂದೆಯೇ ನಮ್ಮ ಮನೆ.

ಮಾವ ನನ್ನನ್ನು ವಕೀಲರ ಬಳಿಗೆ ಎಳೆದುಕೊಂಡು ಹೋದರು. ವಕೀಲರು ಕಾಗದಗಳನ್ನೆಲ್ಲ ತಿರುವಿ ಹಾಕಿ, ನಾನು ಬರೆದಿಟ್ಟ ಲೆಕ್ಕದ ಪಟ್ಟಿಯನ್ನು ಮೆಚ್ಚಿ, ನಾನು ನಿರೀಕ್ಷಿಸದ ಮಾತು ಹೇಳಿದರು.

"ದಾವಾ ಹಾಕೋಕೆ ಮೂರು ವರ್ಷ ಟೈಮಿದೆ. ನಾಳೆನೇ ಹಾಕ್ಬೇಕು ಅಂತಿಲ್ಲ. ಹಾಕಿದ್ರೆ ಗೆಲ್ಲಬಹುದು, ಆದ್ರೆ ಅಷ್ಟು ಹೊತ್ತಿಗೆ ಲಾರಿಲಿ ಇಲಿ ಮರಿ ಹಾಕಿರುತ್ತೆ. ಇಬ್ಬರಿಗೂ ಸಂಬಂಧ ಇಲ್ಲದ ಒಬ್ಬರನ್ನ ಮಧ್ಯ ಕೂರ್ಸಿ ಮಾತಾಡಿ."

"ಪಂಚಾಯ್ತಿದಾರರನ್ನಾ?" ಎಂದರು ಮಾವ.

"ಪಂಚರು ತೀರ್ಪು ಕೊಡ್ತಾರೆ. ಬರೆದುಕೊಟ್ಟು ಒಪ್ಪಿಕೊಂಡಿದ್ರೆ ಆ ತೀರ್ಪಿಗೆ ಕಟ್ಟುಬೀಳ್ಬೇಕು. ನಾನು ಹೇಳ್ತಿರೋದು ಅದಲ್ಲ. ಮಧ್ಯಸ್ಥ ತೀರ್ಪು ಕೊಡಲ್ಲ. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಕೇಳೋ ಹಾಗೆ ಮಾಡ್ತಾರೆ, ಅಷ್ಟೆ. ಒಪ್ಪಿದ್ರೆ ಬರ್ಕೊಳ್ಳಿ, ಇಲ್ದಿದ್ರೆ ಎದ್ದುಬನ್ನಿ. ಕೋರ್ಟು ಎಲ್ಲಿಗೂ ಓಡಿಹೋಗಲ್ಲ."

ಮೆಟ್ಟಿಲಿಳಿಯುತ್ತ ಮಾವ, "ಫೀಸು ಬೇಡ ಅನ್ನೋ ವಕೀಲ ಎಂಥ ವಕೀಲ" ಎಂದು ಗೊಣಗಿದರು. ನನಗೆ ಆ ಮಾತು ಹಿಡಿಸಿತ್ತು. ಅಂದು ಸಂಜೆಯೇ ಕೂತು ಕಾಗದ ಬರೆದೆ. ಇದರಿಂದ ಯಾರೂ ತಪ್ಪೊಪ್ಪಿಕೊಂಡಂತೆ ಆಗುವುದಿಲ್ಲ, ಮಾತುಕತೆ ನಡೆಯುವವರೆಗೆ ನಾನು ದಾವಾ ಹೂಡುವುದಿಲ್ಲ, ಖರ್ಚು ಅರ್ಧರ್ಧ, ನಾನು ಸೂಚಿಸುವ ಮೂವರಲ್ಲಿ ತಾವು ಒಬ್ಬರನ್ನು ಆರಿಸಬಹುದು. ನಾಲ್ಕು ಸಲ ತಿದ್ದಿ ನಕಲು ಮಾಡಿ, ತಲುಪಿದ್ದಕ್ಕೆ ಪುರಾವೆ ಇರಲೆಂದು ರಿಜಿಸ್ಟರ್ ಮಾಡಿಸಿದೆ.

ಕಾಗದ ವಾಪಸು ಬಂತು. ಲಕೋಟೆಯ ಮೇಲೆ ಪೋಸ್ಟ್‌ಮನ್ನಿನ ಕೈಬರಹ: "ತೆಗೆದುಕೊಳ್ಳಲು ನಿರಾಕರಿಸಿದರು."

ನಾನು ಅದನ್ನು ಅಮ್ಮನಿಗೆ ತೋರಿಸಿದೆ. ಶಾಂತಿ ಮಾಡಿಕೊಳ್ಳೋಣ ಅಂದರೂ ಬೇಡವೆನ್ನುವ ಮನುಷ್ಯನಿಗೆ ಇನ್ನೇನು ಮಾಡುವುದು ಎಂದೆ. ಅಮ್ಮ ಲಕೋಟೆಯನ್ನು ಮುಟ್ಟಲಿಲ್ಲ.

"ಈ ಬಜಾರಲ್ಲಿ ರಿಜಿಸ್ಟರ್ ಕಾಗದ ಯಾರಿಗೆ ಬರುತ್ತೆ ಹೇಳು."

"ಯಾರಿಗಾದ್ರೂ ಬರಬಹುದು."

"ವಕೀಲರ ನೋಟೀಸು ಬರೋರಿಗೆ ಬರುತ್ತೆ ಕಣೋ. ಎದುರುಮನೆಯವರಿಗೆ ಬಂದಾಗ ಅವರು ಮೂರು ದಿನ ಬಾಗಿಲೇ ತೆಗೀಲಿಲ್ಲ, ನೋಡಿಲ್ವಾ ನೀನು? ನಾಲ್ಕು ಜನ ಕೆಲಸದವರ ಮುಂದೆ, ಗಿರಾಕಿಗಳ ಮುಂದೆ, ಪೋಸ್ಟಿನವನು 'ಸಾಬ್ರೇ ರಿಜಿಸ್ಟರ್ ಇದೆ, ಸಹಿ ಹಾಕಿ' ಅಂದಿರ್ತಾನೆ. ಒಳಗೆ ನೀನು ಮುತ್ತೇ ತುಂಬಿದ್ರೂ ಅವರಿಗೆ ಹೆಂಗೆ ಗೊತ್ತಾಗ್ಬೇಕು?"

ಕಾಗದದ ಒಳಗಿನ ಒಂದೊಂದು ಶಬ್ದವನ್ನೂ ತೂಗಿದ್ದೆ. ಲಕೋಟೆಯ ಬಗ್ಗೆ ಯೋಚಿಸಿರಲಿಲ್ಲ.

"ಬಸ್ಸು ಹತ್ತು" ಎಂದರು ಅಮ್ಮ. "ನಿಮ್ಮಪ್ಪ ಪ್ರತಿ ತಿಂಗಳು ಹೋಗ್ತಿದ್ರು. ನೀನು ಎಷ್ಟು ಸಲ ಹೋಗಿದೀಯ?"

ಅದಕ್ಕೆ ಡೈರಿ ನೋಡಬೇಕಾಗಿರಲಿಲ್ಲ. ಹೊಸ ಪಾಲುಪತ್ರಕ್ಕೆ ಸಹಿ ಮಾಡಿಸಲು ಹೋದದ್ದು ಒಂದೇ ಸಲ. ಆಮೇಲೆಲ್ಲ ಲೆಕ್ಕ ಪೋಸ್ಟಿನಲ್ಲೇ ಹೋಗುತ್ತಿತ್ತು. ಅದು ಚೊಕ್ಕ ಎಂದುಕೊಂಡಿದ್ದೆ.

ಮರುದಿನ ಶೆಡ್ಡಿಗೆ ಹೋದಾಗ ಸಾಹೇಬರು ಒಂದು ಗೇರ್‌ಬಾಕ್ಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ನಮ್ಮ ಲಾರಿ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಮೇಲೆ ಕೆಂಪು ಧೂಳು ಕೂತಿತ್ತು. ಅವರು ತಲೆ ಎತ್ತದೆ ಕೇಳಿದರು.

"ಒಬ್ನೇ ಬಂದ್ಯಾ? ವಕೀಲ ಸಾಹೇಬ್ರು ಹಿಂದಿನ ಬಸ್ಸಲ್ಲಿ ಬರ್ತಾರಾ?"

ಕೆಲಸದವರು ನಕ್ಕರು. ಅಲ್ಲಿದ್ದ ಸ್ಟೂಲಿನ ಮೇಲೆ ಕೂರೆಂದು ಯಾರೂ ಹೇಳಲಿಲ್ಲ.

"ಅದು ನೋಟೀಸಲ್ಲ ಚಾಚಾ. ನಿಮ್ಮನ್ನ ಮಾತಿಗೆ ಕರೆದಿದ್ದೆ."

"ಮಾತಿಗೆ ಕರೆಯೋಕೆ ಸರ್ಕಾರದ ಮುದ್ರೆ ಬೇಕಾ? ಅರೆ, ನನ್ನ ಮಗಳ ನಿಕಾಹ್‌ಗೂ ನಾನು ಇಷ್ಟು ಅಂಚೆಚೀಟಿ ಅಂಟಿಸಿಲ್ಲ!"

ಮತ್ತೆ ನಗು. ತಿರುಗಿ ಹೋಗಿಬಿಡಬೇಕು ಅನ್ನಿಸಿತು. ಆದರೆ ಪರ್ಮಿಟ್ಟಿನ ಅರ್ಜಿ ಜೇಬಿನಲ್ಲಿತ್ತು.

"ಅದು ನನ್ನ ತಿಳುವಳಿಕೆ ಸಾಲದೆ ಆಗಿದ್ದು. ಈಗ ಬಾಯಲ್ಲೇ ಹೇಳ್ತೀನಿ, ಕೇಳ್ತೀರಾ?"

ಅವರು ಕೈ ಒರೆಸಿಕೊಂಡು ಎದ್ದು, ಲಾರಿಯ ಹಿಂಬದಿಗೆ ನಡೆದರು. ಅಲ್ಲಿ ಕೆಲಸದವರಿಗೆ ಮಾತು ಕೇಳುತ್ತಿರಲಿಲ್ಲ. ನಾನು ಹೇಳಿದೆ: ಕೂಲಿಯ ವಿಷಯದಲ್ಲಿ ನೀವು ಹೇಳುವುದು ನಿಮಗೆ ಸರಿ, ನಾನು ಹೇಳುವುದು ನನಗೆ ಸರಿ. ಇಬ್ಬರೇ ಕೂತರೆ ಹಳೆ ಮಾತೇ ಬರುತ್ತದೆ. ಮೂರನೆಯವರೊಬ್ಬರು ನಡುವೆ ಕೂರಲಿ.

"ಅಂದ್ರೆ ಪಂಚಾಯ್ತಿ. ನಾಲ್ಕು ಜನ ಸೇರ್ಕೊಂಡು ನನಗೆ ಬುದ್ಧಿ ಹೇಳೋದು."

"ಅಲ್ಲ. ಒಬ್ಬರೇ. ಅವರು ತೀರ್ಪು ಕೊಡಲ್ಲ."

"ತೀರ್ಪು ಕೊಡದವನು ಯಾಕೆ ಬೇಕು? ಚಾ ಕುಡಿಯೋಕಾ?"

"ನಿಮಗೆ ನಾನು, ನನಗೆ ನೀವು ಹೇಳೋದು ಕೇಳ್ಸೋಕೆ. ಒಪ್ಪದೇ ಇದ್ರೆ ನೀವು ಎದ್ದು ಹೋಗಬಹುದು, ನಾನು ತಡೆಯಲ್ಲ. ಅಲ್ಲಿ ಆಡಿದ ಮಾತನ್ನ ಆಮೇಲೆ ನಾನು ಕೋರ್ಟಲ್ಲಿ ಎತ್ತಲ್ಲ, ನೀವೂ ಎತ್ತಬಾರದು."

ಸಾಹೇಬರು ಲಾರಿಯ ಚಕ್ರಕ್ಕೆ ಒರಗಿ ನಿಂತರು. ಆಮೇಲೆ, "ಯಾರು?" ಎಂದರು.

ನಾನು ಮೂರು ಹೆಸರು ಹೇಳಿದೆ. ಮೊದಲನೆಯವರು ಅಡಿಕೆ ಮಂಡಿಯ ಯಜಮಾನರು. "ನಿನ್ನ ಮಾವನ ಬೀಗರು ಅವರು. ಊರಿಗೆಲ್ಲ ಗೊತ್ತು" ಎಂದರು ಸಾಹೇಬರು. ಎರಡನೆಯವರು ಟೈರ್ ಅಂಗಡಿಯವರು. "ಅವನಿಗೆ ಟೈರಿನ ಬಾಕಿ ನಾವಿಬ್ಬರೂ ಕೊಡ್ಬೇಕು. ಲಾರಿ ಓಡಿದ್ರೆ ಅವನ ದುಡ್ಡು ಬರುತ್ತೆ. ಅವನು ನಮ್ಮ ಜಗಳ ತೀರಿಸ್ತಾನೋ, ಅವನ ಬಾಕಿ ತೀರಿಸ್ಕೊತಾನೋ?" ಅದು ನನಗೆ ಹೊಳೆದಿರಲಿಲ್ಲ. ಆಮೇಲೆ ಅವರೇ ಒಂದು ಹೆಸರು ಹೇಳಿದರು, ಅವರ ಮಸೀದಿಯ ಹಿರಿಯರೊಬ್ಬರದು. ನಾನು ತಡವರಿಸಿದೆ.

"ನೋಡ್ದ್ಯಾ? ನಿನಗೂ ಹೊಟ್ಟೇಲಿ ಕಸಿವಿಸಿ ಆಯ್ತು" ಎಂದು ನಕ್ಕರು. ಅಂದು ಅವರು ನಕ್ಕದ್ದು ಅದೊಂದೇ ಸಲ.

ಉಳಿದದ್ದು ನನ್ನ ಮೂರನೆಯ ಹೆಸರು. ಶಿವಮೊಗ್ಗದ ಬೆಲ್ಲದ ಮಂಡಿಯಲ್ಲಿ ದಲ್ಲಾಳಿಯಾಗಿದ್ದ ಒಬ್ಬ ಮುದುಕರು. ಎಲ್ಲರೂ ಬೆಲ್ಲದಜ್ಜ ಎನ್ನುತ್ತಿದ್ದರು. ಮನೆಮಾತು ತೆಲುಗು, ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಬೆಲ್ಲ ಮಾರುವವನ ಕೈಯನ್ನೂ ಕೊಳ್ಳುವವನ ಕೈಯನ್ನೂ ಟವೆಲಿನ ಕೆಳಗೆ ಹಿಡಿದು ಬೆರಳೊತ್ತಿ ದರ ಕುದುರಿಸುವುದೇ ಅವರ ಕಸುಬು. ಸುತ್ತ ನಿಂತವರಿಗೆ ಯಾರು ಎಷ್ಟಕ್ಕೆ ಇಳಿದರು, ಯಾರು ಎಷ್ಟಕ್ಕೆ ಏರಿದರು ಎಂಬುದು ಗೊತ್ತಾಗುತ್ತಿರಲಿಲ್ಲ.

"ಆ ಮುದುಕ ಬಾಯಿ ಬಿಡಲ್ಲ" ಎಂದರು ಸಾಹೇಬರು. ಅದನ್ನೇ ಒಪ್ಪಿಗೆ ಎಂದು ಡೈರಿಯಲ್ಲಿ ಬರೆದುಕೊಂಡೆ. ಅರ್ಜಿಯ ವಿಷಯ ಎತ್ತಿದಾಗ ಮಾತ್ರ, "ಮೊದಲು ಕೂರೋಣ. ಆಮೇಲೆ ಸಹಿ" ಎಂದು ತಿರುಗಿ ಗೇರ್‌ಬಾಕ್ಸಿನ ಕಡೆ ಹೋದರು.

ಬೆಲ್ಲದಜ್ಜ ತಕ್ಷಣ ಒಪ್ಪಲಿಲ್ಲ. ಇಬ್ಬರಿಗೂ ಬೇರೆಬೇರೆಯಾಗಿ ಒಂದೇ ಮಾತು ಹೇಳಿ ಕಳಿಸಿದರು: ಹೋದ ವರ್ಷ ನಿಮ್ಮ ಲಾರಿಯಲ್ಲಿ ಎರಡು ಲೋಡು ಬೆಲ್ಲ ಸಾಗಿಸಿದ್ದೇನೆ, ಬಾಡಿಗೆ ಪೂರ್ತಿ ಕೊಟ್ಟಿದ್ದೇನೆ, ಇದರ ಮೇಲೆ ಯಾರಿಗಾದರೂ ಅನುಮಾನವಿದ್ದರೆ ಈಗಲೇ ಹೇಳಿ. ಇಬ್ಬರೂ ಇಲ್ಲವೆಂದೆವು. ದಲಾಲಿ ಬೇಡ, ನನ್ನ ಒಂದು ದಿನದ ಕೂಲಿಯನ್ನು ಇಬ್ಬರೂ ಸಮ ಕೊಡಿ ಎಂದರು. ತಮ್ಮ ಮನೆಗೇ ಬರಹೇಳಿದರು. "ಅದು ಅವನೂರೇ ಅಲ್ವೇನೋ" ಎಂದು ಮಾವ ಆಕ್ಷೇಪ ಎತ್ತಿದರು. ಊರು ಅವರದಾದರೂ ಮನೆ ಅವರದಲ್ಲವಲ್ಲ ಎಂದೆ. ಮಾವನೂ ಬರುತ್ತೇನೆಂದರು. ಅಮ್ಮ ಬೇಡವೆಂದು ತಡೆದರು.

ತಿಂಗಳು ಮುಗಿಯಲು ನಾಲ್ಕೇ ದಿನ ಉಳಿದಿದ್ದ ಒಂದು ಗುರುವಾರ ಬೆಳಿಗ್ಗೆ ನಾವು ಅಜ್ಜನ ಮನೆಯ ಜಗುಲಿಯ ಮೇಲೆ ಚಾಪೆ ಹಾಕಿಕೊಂಡು ಕೂತೆವು. ಅಜ್ಜ ಮೊದಲೇ ಹೇಳಿಬಿಟ್ಟರು.

"ನಾನು ಜಡ್ಜಲ್ಲ. ಯಾರದು ಸರಿ ಅಂತ ನನ್ನನ್ನ ಕೇಳ್ಬೇಡಿ, ಕೇಳಿದ್ರೂ ಹೇಳಲ್ಲ. ಒಪ್ಪೋದು, ಬಿಡೋದು ನಿಮ್ಮಿಬ್ಬರ ಕೆಲಸ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿಗೆ ಬೆಲ್ಲ ಹಾಕ್ಕೊಂಡು ಸುಮ್ಮನಿರಿ."

ನಿಜವಾಗಿಯೂ ಒಂದು ತಟ್ಟೆಯಲ್ಲಿ ಬೆಲ್ಲದ ಚೂರುಗಳಿದ್ದವು.

ನಾನು ಪಟ್ಟಿ ತೆಗೆದು ಓದತೊಡಗಿದೆ. ಒಂದನೇ ಪುಟ ಮುಗಿಯುವ ಮೊದಲೇ ಸಾಹೇಬರು ಬೆಲ್ಲ ಉಗುಳಿದರು. "ಇದನ್ನೇ, ಇದನ್ನೇ ಪೋಸ್ಟಲ್ಲಿ ಕಳಿಸ್ತಿದ್ದ! ನಾನೇನು ಇವನ ಗುಮಾಸ್ತನಾ?"

"ಲೆಕ್ಕ ಕೇಳೋದು ತಪ್ಪಾ?" ನನ್ನ ದನಿಯೂ ಏರಿತು. "ನಿಮ್ಮ ಕೂಲಿಗೆ ಒಂದು ಚೀಟಿಯಾದ್ರೂ ಇದ್ಯಾ?"

"ನಿಮ್ಮಪ್ಪ ಒಂದು ದಿನ ಚೀಟಿ ಕೇಳಿದ್ನಾ?"

ಅಜ್ಜ ಇಬ್ಬರನ್ನೂ ಬೇರೆ ಮಾಡಿದರು. ಸಾಹೇಬರನ್ನು ಹಿತ್ತಿಲಿಗೆ ಕಳಿಸಿ, ನನ್ನ ಪಕ್ಕದಲ್ಲಿ ಕೂತರು. ಪಟ್ಟಿಯನ್ನು ಮಡಿಸಿ ನನ್ನ ತೊಡೆಯ ಮೇಲಿಟ್ಟರು.

"ನಿನಗೆ ಏನು ಬೇಕು? ನೀನು ಸರಿ ಅಂತ ಅವರು ಒಪ್ಪಬೇಕಾ? ಲಾರಿ ಓಡಬೇಕಾ?"

ಎರಡೂ ಬೇಕೆಂದು ಅನ್ನಿಸುತ್ತಿತ್ತು. ಕಡೆಗೆ, "ಲಾರಿ ಓಡಬೇಕು. ಸೋಮವಾರದೊಳಗೆ ಅರ್ಜಿ ಹೋಗದಿದ್ರೆ ನಮ್ಮ ಮನೆ ನಡೆಯಲ್ಲ" ಎಂದೆ.

"ಇದನ್ನ ಅವರಿಗೆ ಹೇಳ್ಲಾ? ಬೇಡ ಅಂದ್ರೆ ಹೇಳಲ್ಲ."

ಮನೆ ನಡೆಯುವುದಿಲ್ಲ ಎಂಬ ಮಾತನ್ನು ಅವರಿಗೆ ಮುಟ್ಟಿಸುವುದು ನನಗೆ ಅವಮಾನವೆನಿಸಿತು. ಆದರೂ ಹೇಳಿ ಎಂದೆ.

ಅಜ್ಜ ಹಿತ್ತಿಲಿನಲ್ಲಿ ಬಹಳ ಹೊತ್ತು ಇದ್ದರು. ಬಾವಿಯ ರಾಟೆಯ ಸದ್ದು, ಒಳಗೆ ಯಾರೋ ತೆಲುಗಿನಲ್ಲಿ ಮಗುವನ್ನು ಗದರುವ ಸದ್ದು ಬರುತ್ತಿತ್ತು. ಹಿಂದಿರುಗಿ ಬಂದು ಹೇಳಿದರು: "ನಿನಗೆ ತಿಳಿಸಬಹುದು ಅಂತ ಅವರು ಒಪ್ಪಿದ್ದು ಇಷ್ಟು. ಆ ಇಂಜಿನ್ ಕೆಲಸಕ್ಕೆ ಅವರು ಹೊರಗಿಂದ ಇಬ್ಬರು ಫಿಟ್ಟರ್‌ಗಳನ್ನ ಕರೆಸಿದ್ರಂತೆ. ಅವರಿಗೆ ಕೈಯಿಂದ ಕೂಲಿ ಕೊಟ್ಟಿದ್ದಾರೆ. ಒಂಬೈನೂರರಲ್ಲಿ ಅದೂ ಇದೆ, ಅವರ ಸ್ವಂತ ಕೂಲೀನೂ ಇದೆ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದು ಚೀಟಿ."

ಅವರ ಕೈಕೆಲಸ ಪಾಲಿನ ಭಾಗ, ಸರಿ. ಆದರೆ ಹೊರಗಿನ ಫಿಟ್ಟರ್ ಅವರ ಕೈಯಲ್ಲ. ಹೊರಗಿನವರ ಕೂಲಿಯಲ್ಲಿ ಅರ್ಧ ಕೊಡುತ್ತೇನೆ, ಅವರ ಸ್ವಂತ ಕೂಲಿ ಕೊಡುವುದಿಲ್ಲ ಎಂದೆ. ಹೊರಗಿನವರದು ಎಷ್ಟು ಎಂಬುದಕ್ಕೆ ಚೀಟಿಯಿಲ್ಲ. ಚೀಟಿ ಕೇಳುವಂತೆಯೂ ಇರಲಿಲ್ಲ.

ಆಗ ಅಜ್ಜ ಹೆಗಲ ಟವೆಲು ತೆಗೆದರು. "ಒಂದು ಬೆರಳಿಗೆ ನೂರರ ಲೆಕ್ಕ" ಎಂದು ಹೇಳಿ ನನ್ನ ಬಲಗೈಯನ್ನು ಅದರ ಕೆಳಗೆ ಹಿಡಿದರು. ಹೊರಗಿನವರ ಕೂಲಿ ಎಷ್ಟಿರಬಹುದೆಂದು ನಾನು ಒಪ್ಪುವುದನ್ನು ಬೆರಳಿನಲ್ಲಿ ಹೇಳಬೇಕು. ಅವರ ಅಂಗೈ ಒರಟು, ಬೆಲ್ಲದ ಅಂಟು ವಾಸನೆ. ನಾನು ಅವರ ನಾಲ್ಕು ಬೆರಳು ಒತ್ತಿದೆ. ಹಿತ್ತಿಲಿಗೆ ಹೋಗಿ ಬಂದರು. ಏನೂ ಹೇಳದೆ ಮತ್ತೆ ಟವೆಲು ಚಾಚಿದರು. ಐದು ಒತ್ತಿದೆ. ಮತ್ತೆ ಹೋದರು. ಮೂರನೆಯ ಸಲ ಐದರ ಮೇಲೆ ಮತ್ತೊಂದು ಒತ್ತಿ ಆರೆಂದಾಗ ಅವರು ನನ್ನ ಕೈ ಬಿಡಲಿಲ್ಲ. ಸಾಹೇಬರನ್ನು ಕೂಗಿ ಕರೆದು, ಇನ್ನೊಂದು ಕೈಯಿಂದ ಅವರ ಕೈ ಹಿಡಿದು, "ಆರಕ್ಕೆ ಇಬ್ಬರೂ ಬಂದಿದ್ದೀರಿ" ಎಂದರು.

ಸಾಹೇಬರು ಮೊದಲು ಒತ್ತಿದ್ದು ಎಷ್ಟೆಂದು ನನಗೆ ಗೊತ್ತಿಲ್ಲ. ಆ ದಿನದ ಪುಟದಲ್ಲಿ ನನ್ನ ಅಂಕಿಗಳ ಎದುರಿಗೆ ಅವರ ಅಂಕಿಗಳಿಗೆಂದು ಬಿಟ್ಟ ಜಾಗ ಹಾಗೇ ಇದೆ.

ಕರಾರನ್ನು ಅಜ್ಜ ಬಾಯಲ್ಲಿ ಹೇಳಿದರು, ನಾನು ಬರೆದೆ, ಸಾಹೇಬರು ಓದಿಸಿ ಕೇಳಿ ಒಂದು ಶಬ್ದ ಬದಲಾಯಿಸಿದರು. ನಾನು "ಬಾಕಿ" ಎಂದಿದ್ದೆ. "ಪಾಲು ಅಂತ ಬರಿ. ಬಾಕಿ ಉಳಿಸ್ಕೊಳ್ಳೋನು ನಾನಲ್ಲ." ಹೊರಗಿನವರ ಕೂಲಿ ಆರುನೂರರಲ್ಲಿ ಮುನ್ನೂರು ನಮ್ಮದು. ನಿಂತಿದ್ದ ನಮ್ಮ ಪಾಲಿನ ಬಾಡಿಗೆ ಎರಡು ಸಾವಿರದ ನೂರರಲ್ಲಿ ಅದನ್ನು ಕಳೆದು, ಉಳಿದ ಸಾವಿರದ ಎಂಟುನೂರನ್ನು ಮೂರು ತಿಂಗಳು ಆರುನೂರರಂತೆ ಮನಿಯಾರ್ಡರ್ ಮಾಡುವುದು. ಲಾರಿ ಮರುದಿನವೇ ಹೊರಗೆ. ಇನ್ನು ಮುಂದೆ ಹೊರಗಿನ ಕೆಲಸದವರನ್ನು ಕರೆಸುವ ಮೊದಲು ಮಾತಾಡಿಕೊಳ್ಳುವುದು. ಎರಡು ಪ್ರತಿ, ಇಬ್ಬರ ಸಹಿ. ಅಜ್ಜ ಸಾಕ್ಷಿಯಾಗಿಯೂ ಸಹಿ ಹಾಕಲಿಲ್ಲ. "ನಾಳೆ ನೀವು ಜಗಳ ಆಡಿದ್ರೆ ನನ್ನನ್ನ ಕೋರ್ಟಿಗೆ ಎಳೀಬೇಡಿ" ಎಂದು ಎದುರುಮನೆಯವರನ್ನು ಕರೆದು ಹಾಕಿಸಿದರು.

ಪರ್ಮಿಟ್ಟಿನ ಅರ್ಜಿಯನ್ನು ಜೇಬಿನಿಂದ ತೆಗೆದೆ. ಮಡಿಕೆಗಳು ಹರಿಯುವ ಹಾಗಾಗಿದ್ದವು. ಸಾಹೇಬರು ಉರ್ದುವಿನಲ್ಲಿ ನಿಧಾನವಾಗಿ ಸಹಿ ಹಾಕಿದರು. ನಾನು ಅದನ್ನು ಮತ್ತೆ ಮಡಿಸಿ ಜೇಬಿಗಿಟ್ಟೆ.

ಇಬ್ಬರೂ ಬಸ್ಸಿನ ದಾರಿಗೆ ಒಟ್ಟಿಗೆ ನಡೆದೆವು. ಅಮ್ಮ ಹೇಳಿದ್ದು ನೆನಪಾಗಿ, ಹಿತ್ತಿಲಿನಲ್ಲಿ ಅವರು ಇನ್ನೇನೇನು ಹೇಳಿರಬಹುದೆಂದು ಊಹಿಸುತ್ತ, ನಾನೇ ಮಾತು ತೆಗೆದೆ.

"ಚಾಚಾ, ಇನ್ನು ಮೇಲೆ ತಿಂಗಳ ಮೊದಲ ವಾರ ನಾನೇ ಬರ್ತೀನಿ. ಅಪ್ಪ ಕೂರ್ತಿದ್ದ ಹಾಗೆ ಕೂತು ಲೆಕ್ಕ ನೋಡೋಣ."

ಕಾರ್ಖಾನೆಯ ಪಾಳಿ ಬಿಟ್ಟಿತ್ತು. ಸೈಕಲ್ಲುಗಳ ಸಾಲು ನಮ್ಮನ್ನು ರಸ್ತೆಯ ಅಂಚಿಗೆ ತಳ್ಳಿತು.

"ನಿಮ್ಮಪ್ಪ ಲೆಕ್ಕಕ್ಕೆ ಬರ್ತಿದ್ದ ಅಂದ್ಕೊಂಡಿದೀಯಾ?" ಎಂದರು. "ಅವನು ಬಂದು ಕೂತು, ಚಾ ಕುಡ್ದು, ನನ್ನ ಹುಡುಗರಿಗೆ ತಮಾಷೆ ಮಾಡಿ, ಹೋಗುವಾಗ 'ಎಷ್ಟಾಯ್ತೋ' ಅಂತಿದ್ದ. ಆ ಸ್ಟೂಲಲ್ಲಿ ನೀನು ಪಟ್ಟಿ ಹಿಡ್ಕೊಂಡು ಕೂತ್ರೆ ನನಗೆ ಕಷ್ಟ ಆಗುತ್ತೆ ಬೇಟಾ. ಬೇಡ. ಪೋಸ್ಟಲ್ಲೇ ಕಳಿಸು."

ಬಸ್ಸು ಬಂತು. ನಾನು ಹತ್ತಿದ ಮೇಲೆ ಕಿಟಕಿಯ ಬಳಿ ಬಂದು, "ರಿಜಿಸ್ಟರ್ ಮಾತ್ರ ಬೇಡ" ಎಂದರು.

ಶುಕ್ರವಾರ ಲಾರಿ ಕಾಡಿಗೆ ಹೋಯಿತು. ಶನಿವಾರ ಅರ್ಜಿ ಸಲ್ಲಿಸಿ ರಸೀದಿ ತಂದೆ. ಅಮ್ಮ ರಸೀದಿಯನ್ನು ದೇವರ ಮುಂದಿಟ್ಟು, ಅದಕ್ಕೂ ಒಂದು ಬೊಟ್ಟು ವಿಭೂತಿ ಹಚ್ಚಿದರು. "ಸಾಬರು ಹೆಂಗಿದ್ರು?" ಎಂದು ಕೇಳಿದರು. ಚೆನ್ನಾಗಿದ್ದರು ಎಂದೆ.

ಮೂರು ಮನಿಯಾರ್ಡರುಗಳೂ ಹೇಳಿದ ದಿನಕ್ಕೇ ಬಂದವು. ಆಮೇಲಿನ ತಿಂಗಳುಗಳ ಪಾಲೂ ತಪ್ಪದೆ ಬಂತು. ಮನಿಯಾರ್ಡರಿನ ಫಾರಮ್ಮಿನಲ್ಲಿ ಕಳಿಸುವವರು ಎರಡು ಮಾತು ಬರೆಯಲು ಒಂದು ತುಂಡು ಇರುತ್ತದಲ್ಲ, ಅದನ್ನು ಪೋಸ್ಟ್‌ಮನ್ ಹರಿದು ನಮ್ಮ ಕೈಗೆ ಕೊಡುತ್ತಿದ್ದ. ಅಪ್ಪ ಜ್ವರದಲ್ಲಿ ಮಲಗಿ ಭದ್ರಾವತಿಗೆ ಹೋಗಲಾಗದ ತಿಂಗಳುಗಳಲ್ಲಿ ಆ ತುಂಡಿನ ತುಂಬ ಸಾಹೇಬರು ಯಾರಿಂದಲೋ ಕನ್ನಡದಲ್ಲಿ ಬರೆಸಿ ಕಳಿಸುತ್ತಿದ್ದರು. ಕಷಾಯ ಕುಡಿ, ಟೈರು ಸವೆದಿದೆ, ಡ್ರೈವರನಿಗೆ ಗಂಡುಮಗು, ಹೀಗೆ. ಅಮ್ಮ ಅವನ್ನೆಲ್ಲ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ.

ನನಗೆ ಬಂದ ತುಂಡುಗಳನ್ನೂ ಅದೇ ಡಬ್ಬಿಗೆ ಹಾಕಿದ್ದೇನೆ. ಒಂದರಲ್ಲೂ ಏನೂ ಬರೆದಿಲ್ಲ.